ಫಿಲ್ಮಿನ ಫೋಟೊದಲ್ಲಿ ಕಾಣದ ರಕ್ತ

ಸಿ.ಟಿ. ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಸ್ಕ್ಯಾನಿನ ಸಣ್ಣದೊಂದು ಪಾಲು ಮಾತ್ರ ಉಳಿದಿರುತ್ತದೆ. ನ್ಯೂಜೆರ್ಸಿಯ ಕ್ರ್ಯಾನ್‌ಬರಿಯಂಥ ಊರಿನಲ್ಲಿ ನೆಲೆಸಿದ ಕನ್ನಡದ ವೈದ್ಯರಿಗೆ ಊರಿನ ನೆಂಟರಿಂದ ಇಂಥ ಫೋಟೊ ಬರುವುದುಂಟು. ಭಾರತದಲ್ಲಿ ನಡುರಾತ್ರಿಯಾದರೆ ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ. ಜೊತೆಗಿರುವುದು ಒಂದೇ ಸಾಲು: "ಅಣ್ಣ, ಅಪ್ಪನ ಸ್ಕ್ಯಾನು, ಏನೂ ತೊಂದರೆ ಇಲ್ಲ ತಾನೆ?"

ಉದಾಹರಣೆಗೆ, ಎಪ್ಪತ್ತು ದಾಟಿದ ತಂದೆ ಬಚ್ಚಲಲ್ಲಿ ಜಾರಿ ಬಿದ್ದು ಎರಡು ವಾರವಾಗಿದೆ, ತಲೆನೋವು ಹೋಗಿಲ್ಲ ಎಂದಿಟ್ಟುಕೊಳ್ಳೋಣ. ತಲೆಯ ಸಿ.ಟಿ.ಯಲ್ಲಿ ಒಂದೊಂದು ಚಿತ್ರವೂ ಸಾಮಾನ್ಯವಾಗಿ ಉದ್ದಗಲಕ್ಕೆ 512 ಚುಕ್ಕೆಗಳಿಂದ ಆಗಿರುತ್ತದೆ. ಅಂಥ ಇಪ್ಪತ್ತು ಚಿತ್ರಗಳನ್ನು ಐದು ಅಡ್ಡಸಾಲುಗಳಲ್ಲಿ, ಸಾಲಿಗೆ ನಾಲ್ಕರಂತೆ ಒಂದೇ ಹಾಳೆಯಲ್ಲಿ ಅಚ್ಚು ಹಾಕಿದ್ದಾರೆ. ಹಾಳೆಯ ಫೋಟೊ 1600ಕ್ಕೆ 1200 ಚುಕ್ಕೆಗೆ ಕುಗ್ಗಿ ಬಂದರೆ ಒಂದೊಂದು ಚಿತ್ರಕ್ಕೆ ಸಿಗುವುದು ಅಗಲಕ್ಕೆ ಹೆಚ್ಚೆಂದರೆ ಮುನ್ನೂರು ಚುಕ್ಕೆ. ಎಷ್ಟು ಹಿಗ್ಗಿಸಿ ನೋಡಿದರೂ ಕಳೆದ ವಿವರ ಮರಳದು.

ಇದಕ್ಕಿಂತ ದೊಡ್ಡ ನಷ್ಟ ಬೂದು ಬಣ್ಣದ ಛಾಯೆಗಳದ್ದು. ಸಿ.ಟಿ. ಸಾಂದ್ರತೆಯನ್ನು ಅಳೆಯುತ್ತದೆ: ಗಾಳಿ -1000, ನೀರು 0, ಹೊಸ ರಕ್ತ ಸುಮಾರು 60, ಮೂಳೆ ಇನ್ನೂ ಎಷ್ಟೋ ಮೇಲೆ. ಇಷ್ಟನ್ನೂ ಕಣ್ಣು ಒಮ್ಮೆಗೇ ಗುರುತಿಸಲಾರದು. ಹಾಗಾಗಿ ಮಿದುಳಿಗೆ 0ಯಿಂದ 80ರ ನಡುವಿನ ಭಾಗವನ್ನಷ್ಟೇ ಹಿಗ್ಗಿಸಿ ತೋರಿಸುತ್ತಾರೆ. ಇದಕ್ಕೆ ವಿಂಡೊ ಎನ್ನುವುದು ರೂಢಿ. ಕಂಪ್ಯೂಟರಿನ ಮುಂದೆ ಕೂತ ರೇಡಿಯಾಲಜಿಸ್ಟ್ ಅದನ್ನು ಬದಲಿಸುತ್ತಲೇ ನೋಡುತ್ತಾರೆ. ಫಿಲ್ಮಿನಲ್ಲಿ ಅದು ಒಂದು ಕಡೆ ನಿಂತುಬಿಟ್ಟಿರುತ್ತದೆ. ಅದರ ಮೇಲೆ ಕಿಟಕಿಯ ಬೆಳಕು ಹೆಚ್ಚಾದರೆ, ಬುರುಡೆಗೆ ಅಂಟಿದ ತೆಳು ರಕ್ತದ ಪದರ ಮೂಳೆಯ ಬಿಳುಪಿನಲ್ಲೇ ಕರಗಿಹೋಗುತ್ತದೆ.

ಎರಡು ವಾರ ಕಳೆದ ರಕ್ತದ ಕತೆ ಬೇರೆ. ಅದರ ಸಾಂದ್ರತೆ ಇಳಿಯುತ್ತಾ ಬಂದು ಒಂದು ಹಂತದಲ್ಲಿ ಮಿದುಳಿಗೆ ಸಮನಾಗುತ್ತದೆ. ಒಳ್ಳೆಯ ಪರದೆಯಲ್ಲೂ ಅದು ಬಣ್ಣದಿಂದ ಗೊತ್ತಾಗುವುದಿಲ್ಲ. ಮಿದುಳಿನ ಮಡಿಕೆಗಳು ಬುರುಡೆಯವರೆಗೆ ತಲುಪದೆ ಒಳಗೇ ನಿಂತಿರುವುದು, ನಡುಗೆರೆ ಪಕ್ಕಕ್ಕೆ ಸರಿದಿರುವುದು, ಇಂಥ ಸುಳಿವಿನಿಂದ ಊಹಿಸಬೇಕು. ಎರಡೂ ಬದಿಯಲ್ಲಿ ರಕ್ತವಿದ್ದರೆ ನಡುಗೆರೆಯೂ ಸರಿಯದೆ ಇರಬಹುದು. ಮುನ್ನೂರು ಚುಕ್ಕೆಯ ಚಿತ್ರದಲ್ಲಿ ಮಡಿಕೆಗಳನ್ನು ನಂಬುವಂತಿಲ್ಲ.

ಆದ್ದರಿಂದ ಇಂಥ ಫೋಟೊದಲ್ಲಿ ದೊಡ್ಡ ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ ಎನ್ನಬಹುದು. ಏನೂ ಕಾಣಲಿಲ್ಲವೆಂದು ಧೈರ್ಯ ಹೇಳಲಾಗದು. ಆತಂಕದಲ್ಲಿರುವ ಮಗನಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಫಿಲ್ಮಿನ ಮೂಲೆಯ ಹೆಸರು, ತಾರೀಖು ರೋಗಿಯದ್ದೇ ತಾನೆ ಎಂದು ನೋಡಿ, ಅಚ್ಚಾದ ರಿಪೋರ್ಟನ್ನು ತರಿಸಿಕೊಳ್ಳಬೇಕು. ತಲೆನೋವು ಏರುತ್ತಿದೆಯೇ, ಮಂಪರು ಇದೆಯೇ, ವಾಂತಿ ಆಯಿತೇ, ಒಂದು ಕೈ ಅಥವಾ ಕಾಲು ಸೋಲುತ್ತಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಕೇಳಬೇಕು. ಏರುವ ತಲೆನೋವು, ಮಂಪರು, ವಾಂತಿ, ಕೈಕಾಲಿನ ಸೋಲು ಇವುಗಳಲ್ಲಿ ಯಾವುದಿದ್ದರೂ ಫೋಟೊ ಏನೇ ತೋರಿಸಲಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇಲ್ಲದಿದ್ದರೆ ಸ್ಕ್ಯಾನ್ ಸೆಂಟರಿನಿಂದ ಸಿ.ಡಿ. ಪಡೆದು, ಎಲ್ಲ ಚಿತ್ರಗಳನ್ನೂ ಊರಿನ ವೈದ್ಯರ ಮುಂದಿಡಬೇಕು. ರೋಗಿಯನ್ನು ಮುಟ್ಟಿ ಪರೀಕ್ಷಿಸಿ, ಬೇಕಾದರೆ ಸ್ಕ್ಯಾನನ್ನು ಮತ್ತೆ ಮಾಡಿಸಲು ಆಗುವುದು ಅವರಿಗೇ.