‘ಟ್ರೈ’ ಬದಲು ಯಾವ ಪದ?

ಸ್ಕಾಲರ್‌ಶಿಪ್‌ಗೆ ಪರ್ಸನಲ್ ಸ್ಟೇಟ್‌ಮೆಂಟ್ ಬರೆಯುವಾಗ ‘ಟ್ರೈ’ ಐದಾರು ಸಲ ಬಂದರೆ ನಾವು ಸಮಾನಾರ್ಥಕ ಪದಗಳನ್ನು ಹುಡುಕ್ತೀವಿ. ಒಂದು ಕಡೆ ‘ಅಟೆಂಪ್ಟ್’, ಇನ್ನೊಂದು ಕಡೆ ‘ಸ್ಟ್ರೈವ್’, ಮತ್ತೊಂದು ಕಡೆ ‘ಎಂಡೆವರ್’ ಹಾಕಿದರೆ ಆಯ್ತು ಅಂದ್ಕೋತೀವಿ. ಆದರೆ ಕೆಲಸ ಹೇಗೆ ನಡೆಯಿತು ಅನ್ನೋದನ್ನು ಈ ಮೂರೂ ಬೇರೆ ಬೇರೆಯಾಗಿ ಹೇಳುತ್ತವೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹೊಸನಗರ ತಾಲ್ಲೂಕಿನ ನಗರದ ಕಡೆಯ ಒಬ್ಬ ವಿದ್ಯಾರ್ಥಿನಿ. ಮನೆಯಲ್ಲಿ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಬೇಕು. ಸುಣ್ಣ ಸಾಲದಿದ್ದರೆ ದ್ರಾವಣ ಆಮ್ಲೀಯವಾಗಿ ಗಿಡ ಸುಡುತ್ತದೆ. ಕಬ್ಬಿಣದ ಕತ್ತಿ ಅದ್ದಿದಾಗ ಅದಕ್ಕೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಕತ್ತಿಯ ಬದಲು ಪಿಎಚ್ ಸೆನ್ಸರ್ ಇಟ್ಟು ಇವಳು ಒಂದು ಟೆಸ್ಟರ್ ಮಾಡಿದಳು. ಅರ್ಜಿಯಲ್ಲಿ ‘ಐ ಟ್ರೈಡ್ ಟು ಮೇಕ್ ಎ ಟೆಸ್ಟರ್’ ಅಂತ ಬರೆದಳು.

ಇಲ್ಲಿ ‘ಅಟೆಂಪ್ಟೆಡ್ ಟು ಮೇಕ್’ ಅಂತ ತಿದ್ದಿದರೆ, ಓದುವವರಿಗೆ ‘ಮಾಡಲು ಹೋದಳು, ಆಗಲಿಲ್ಲ’ ಅಂತ ಕೇಳಿಸಬಹುದು. ಅಟೆಂಪ್ಟ್ ಎಣಿಸಬಹುದಾದ ಯತ್ನ. ನಾಮಪದವಾಗಿ ಚೆನ್ನಾಗಿ ಕೂರುತ್ತದೆ. ಮೊದಲ ಅಟೆಂಪ್ಟ್‌ನಲ್ಲಿ ಎಲೆಕ್ಟ್ರೋಡ್ ಮೇಲೆ ಸುಣ್ಣ ಕಟ್ಟಿ ರೀಡಿಂಗ್ ತಪ್ಪಿತು ಅಂದರೆ ಪದಕ್ಕೆ ಕೆಲಸ ಸಿಕ್ಕಿತು.

‘ಸ್ಟ್ರೈವ್’ ಒಂದು ಮಧ್ಯಾಹ್ನದ ಕೆಲಸಕ್ಕೆ ಆಗದು. ಅಡ್ಡಿಗಳ ನಡುವೆ ಬಹುಕಾಲ ಶ್ರಮಿಸುವುದಕ್ಕೆ ಅದು. ಎರಡು ಮಳೆಗಾಲ ರೀಡಿಂಗ್ ಸರಿಮಾಡಲು ಒದ್ದಾಡಿದ್ದರೆ ಬಳಸಿ. ಭೂತಕಾಲದಲ್ಲಿ ‘ಸ್ಟ್ರೋವ್’ ರೂಢಿಯ ರೂಪ. ‘ಐ ಆಲ್ವೇಸ್ ಸ್ಟ್ರೈವ್ ಫಾರ್ ಎಕ್ಸಲೆನ್ಸ್’ ಅಂದರೆ ಮಾತ್ರ ಯಾವ ಕೆಲಸ ಅನ್ನೋದೇ ತಿಳಿಯಲ್ಲ.

‘ಎಂಡೆವರ್’ ಕ್ರಿಯಾಪದವಾದರೆ ಕಚೇರಿ ಸುತ್ತೋಲೆಯ ಧಾಟಿ ಬರುತ್ತದೆ. ಇಡೀ ಯೋಜನೆಯನ್ನು ಒಂದೇ ಪದದಲ್ಲಿ ಕರೆಯಲು ನಾಮಪದವಾಗಿ ಒಮ್ಮೆ ಬಳಸಬಹುದು. ನಮ್ಮಲ್ಲಿ ನಡೆಯುವ ಬ್ರಿಟಿಷ್ ಕಾಗುಣಿತದಲ್ಲಿ ಕೊನೆಯ ‘ಆರ್’ಗೆ ಮುಂಚೆ ‘ಯು’ ಇದೆ, ಅಮೆರಿಕದ್ದರಲ್ಲಿ ಇಲ್ಲ. ಒಂದೇ ಅರ್ಜಿಯಲ್ಲಿ ಎರಡನ್ನೂ ಬೆರೆಸಬೇಡಿ.

ಹಾಗಾದರೆ ‘ಟ್ರೈ’ ಬೇಡವೇ? ಬೇಕು. ಕನ್ನಡದಲ್ಲಿ ‘ಮಾಡಿ ನೋಡಿದೆ’ ಬೇರೆ, ‘ಮಾಡ್ಲಿಕ್ಕೆ ನೋಡಿದೆ’ ಬೇರೆ. ಮೊದಲನೆಯದರಲ್ಲಿ ಕೆಲಸ ಆಗಿದೆ, ಫಲ ಏನು ಅಂತ ನೋಡಿದ್ದು; ಎರಡನೆಯದರಲ್ಲಿ ಕೆಲಸವೇ ಆಯ್ತೋ ಇಲ್ಲವೋ ಗೊತ್ತಿಲ್ಲ. ಇಂಗ್ಲಿಷಿನ ‘ಟ್ರೈಡ್ ರಿನ್ಸಿಂಗ್’, ‘ಟ್ರೈಡ್ ಟು ರಿನ್ಸ್’ ನಡುವೆಯೂ ಹೆಚ್ಚುಕಡಿಮೆ ಇದೇ ವ್ಯತ್ಯಾಸ. ಎಲೆಕ್ಟ್ರೋಡನ್ನು ಪ್ರತಿ ಸಲ ತೊಳೆದು ನೋಡಿದ್ದಕ್ಕೆ ಮೊದಲನೆಯದೇ ಸರಿ.

ಟೆಸ್ಟರ್ ಕೊನೆಗೆ ಕೆಲಸ ಮಾಡಿದೆಯಾದರೆ ಮೊದಲ ವಾಕ್ಯಕ್ಕೆ ಇವು ಯಾವುವೂ ಬೇಡ. ‘ಐ ಬಿಲ್ಟ್ ಎ ಟೆಸ್ಟರ್’ ಸಾಕು. ಕೆಟ್ಟ ರೀಡಿಂಗ್‌ನ ಕಥೆ ಎರಡನೇ ವಾಕ್ಯದಲ್ಲಿ ಬರಲಿ.