ಮುಟ್ಟು ಬಂದಿಲ್ಲವೆಂದು ನಂಬಿ ಕೂರಬೇಡಿ

ಮಗುವಿಗೆ 7 ತಿಂಗಳು, ಹಾಲುಣಿಸುತ್ತಿದ್ದೇನೆ, ಮುಟ್ಟು ಬಂದಿಲ್ಲ, ಹಾಗಾಗಿ ಗರ್ಭ ನಿಲ್ಲುವ ಭಯವಿಲ್ಲ ಎಂದು ಬರೆದಿದ್ದೀಯಮ್ಮ. ಆ ರಕ್ಷಣೆ ಮೊದಲ 6 ತಿಂಗಳಷ್ಟೇ, ಅದೂ ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡದಿದ್ದರೆ. ಮುಟ್ಟು ಕಾಣುವ ಮೊದಲೇ ಅಂಡ ಬಿಡುಗಡೆಯಾಗಬಹುದು. ಮೊದಲು ಗರ್ಭ ಪರೀಕ್ಷೆ ಮಾಡಿಸಿಕೊ.

ಮೂರನೆಯ ಮಗು ಬೇಡ, ಆದರೆ ಆಪರೇಷನ್‌ಗೆ ಮನಸ್ಸು ಗಟ್ಟಿಯಾಗಿಲ್ಲ ಎನ್ನುವ ನಿಮ್ಮಿಬ್ಬರಿಗೆ ನಾನು ಹೇಳುವುದು ಕಾಪರ್-ಟಿ. 380ಎ ಎಂಬುದು 10 ವರ್ಷ ಕೆಲಸ ಮಾಡುತ್ತದೆ, ಎದೆಹಾಲಿಗೆ ತೊಂದರೆಯಿಲ್ಲ, ಬೇಕೆಂದಾಗ ತೆಗೆಸಬಹುದು. ಮೊದಲ ಕೆಲವು ತಿಂಗಳು ಸ್ರಾವ, ನೋವು ಹೆಚ್ಚಾಗಬಹುದು. ತಿಂಗಳ ಮುಟ್ಟು ಮುಗಿದ ಮೇಲೆ ಬೆರಳಿಗೆ ಅದರ ದಾರ ಸಿಗದಿದ್ದರೆ ಡಾಕ್ಟರಿಗೆ ತೋರಿಸು, ಅಲ್ಲಿಯವರೆಗೆ ಕಾಂಡೋಮ್ ಇರಲಿ.

ಮುಂದೆ ಮನಸ್ಸು ಗಟ್ಟಿಯಾದರೆ ನಿನ್ನ ಯಜಮಾನರದೇ ಸುಲಭದ ಆಪರೇಷನ್: ಹೊಲಿಗೆಯಿಲ್ಲ, ಗಂಡಸುತನ ಕುಗ್ಗುವುದಿಲ್ಲ. ಆದರೆ 3 ತಿಂಗಳು ಕಾಂಡೋಮ್ ಬಳಸಿ, ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲಷ್ಟೇ ಅದನ್ನು ಬಿಡಬೇಕು.