ಮೂರು ಲಕ್ಷ ಅರವತ್ತು ಸಾವಿರಕ್ಕೆ ಆರು ಚೆಕ್ಕು

ಬಾಪೂಜಿ ನಗರದಲ್ಲಿ ಪ್ಲೈವುಡ್ ಅಂಗಡಿ ಇಟ್ಟುಕೊಂಡ ನನ್ನಂಥವನ ದುಡ್ಡು ಗಲ್ಲಾದಲ್ಲಿರುವುದು ಕಡಿಮೆ, ಗಿರಾಕಿಗಳ ಬಳಿ ಇರುವುದೇ ಹೆಚ್ಚು. ಹಳೇ ಗಿರಾಕಿಯೊಬ್ಬರು ಮನೆಗಳ ಒಳಗಿನ ಮರಗೆಲಸ ಮಾಡಿಸುವ ಕಂಟ್ರಾಕ್ಟರ್. ಅವರ ಖಾತೆಯಲ್ಲಿ ಮೂರು ಬಿಲ್ ಸೇರಿ ₹3,60,000 ನಿಂತಿತ್ತು. ಅದರಲ್ಲಿ ಸುಮಾರು ₹55,000 ಜಿಎಸ್‌ಟಿ. ಆ ತೆರಿಗೆಯನ್ನು ಬಿಲ್ ಹಾಕಿದ ತಿಂಗಳ ಲೆಕ್ಕದಲ್ಲೇ ನಾನು ಸರ್ಕಾರಕ್ಕೆ ಕಟ್ಟಿಯಾಗಿತ್ತು. ಗಿರಾಕಿ ಕೊಡಲಿ ಬಿಡಲಿ, ತೆರಿಗೆ ಕಾಯುವುದಿಲ್ಲ.

“ಒಂದೇ ಸಲ ಅಂದ್ರೆ ಆಗಲ್ಲ ಸಾರ್, ಕೆಂಗೇರಿಯಲ್ಲಿ ಎರಡು ಮನೆ ಕೆಲಸ ನಡೀತಿದೆ, ಅವರು ಕೊಟ್ಟಾಗ ಕೊಡ್ತೀನಿ” ಎಂದರು. ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ‘ಅವರು ಕೊಟ್ಟಾಗ’ ಎನ್ನುವುದು ತಾರೀಖಲ್ಲ. ಕೂರಿಸಿ ಚಹಾ ತರಿಸಿ, ಆ ಮನೆಗಳಿಂದ ಯಾವ ಹಂತಕ್ಕೆ ಎಷ್ಟು ಬರುತ್ತದೆ ಎಂದು ಕೇಳಿದೆ. ಮೊದಲ ಮೂರು ತಿಂಗಳು ಬರುವುದೆಲ್ಲ ಸಾಮಾನು, ಕೂಲಿಗೇ ಹೋಗುತ್ತದೆ. ಬೀಗದ ಕೈ ಕೊಡುವ ಹೊತ್ತಿಗೆ ಮಾತ್ರ ಕೈಯಲ್ಲಿ ಉಳಿಯುತ್ತದೆ ಎಂದು ಗೊತ್ತಾಯಿತು. ಆದ್ದರಿಂದ ಸಮ ಕಂತು ಕೇಳಲಿಲ್ಲ. ಮೊದಲ ಮೂರು ತಿಂಗಳು ₹40,000, ಮುಂದಿನ ಮೂರು ತಿಂಗಳು ₹80,000. ಕಂತಿನ ದಿನ 10ನೇ ತಾರೀಖು, ಏಕೆಂದರೆ 20ಕ್ಕೆ ನನ್ನ ಜಿಎಸ್‌ಟಿ ಗಡುವು. ಸಮ ಕಂತು ಕಾಗದದ ಮೇಲೆ ಚೆಂದ, ಆದರೆ ಎರಡನೇ ತಿಂಗಳಿಗೇ ಮುರಿದುಬೀಳುತ್ತದೆ.

ಆಮೇಲೆ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಬರೆದೆ. ಮೊದಲಿಗೆ ಮೂರೂ ಬಿಲ್‌ಗಳ ನಂಬರು, ತಾರೀಖು, ಮೊತ್ತ. ನಂತರ ಹೀಗೆ: “ಈ ಬಾಕಿಯನ್ನು ಕೆಳಗಿನ ಆರು ತಾರೀಖುಗಳಲ್ಲಿ ತೀರಿಸಲು ಅವಕಾಶ ಕೊಡುತ್ತಿದ್ದೇವೆ. ಬಂದ ಹಣ ಮೊದಲು ಹಳೆಯ ಬಿಲ್‌ಗೆ ಜಮೆಯಾಗುತ್ತದೆ. ತಾರೀಖಿಗೆ ಸರಿಯಾಗಿ ಕೊಟ್ಟರೆ ಬಡ್ಡಿ ಇಲ್ಲ. ಯಾವುದೇ ಕಂತು ಹದಿನೈದು ದಿನ ಮೀರಿದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕಾಗುತ್ತದೆ, ಅಂದಿನಿಂದ ವರ್ಷಕ್ಕೆ ಶೇ 12ರ ಬಡ್ಡಿ ಸೇರುತ್ತದೆ. ಬಾಕಿ ತೀರುವವರೆಗೆ ಹೊಸ ಮಾಲು ನಗದಿಗೆ ಮಾತ್ರ.” ಬೆದರಿಕೆಯ ಒಂದು ಪದವೂ ಇರಲಿಲ್ಲ. ಕೊನೆಯಲ್ಲಿ ಅವರಿಗಾಗಿ ಒಂದು ಸಾಲು: “ಮೇಲಿನ ₹3,60,000 ನಾನು ಕೊಡಬೇಕಾದ ಬಾಕಿ ಎಂದು ಒಪ್ಪುತ್ತೇನೆ.” ಅದರ ಕೆಳಗೆ ಸಹಿ, ತಾರೀಖು.

ಪತ್ರದ ಜೀವ ಆ ಸಾಲಿನಲ್ಲಿದೆ. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರೇ ವರ್ಷ. ಉದ್ರಿ ಗಡುವು ಮಾತಾಡಿಕೊಂಡಿರದಿದ್ದರೆ ಮಾಲು ಕೊಟ್ಟ ದಿನದಿಂದಲೇ ಎಣಿಕೆ. ನಮ್ಮ ಹಳೆಯ ಬಿಲ್‌ಗೆ ಆಗಲೇ ಎರಡು ವರ್ಷ ದಾಟಿತ್ತು. ಆ ಮೂರು ವರ್ಷ ಮುಗಿಯುವ ಮೊದಲು ಬಾಕಿದಾರರು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಕಾಯ್ದೆಯ 18ನೇ ಕಲಮಿನ ಪ್ರಕಾರ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ನಾನೊಬ್ಬನೇ ಬರೆದು ಕಳಿಸಿದ ಎಷ್ಟೇ ನೆನಪೋಲೆಗೂ ಆ ಶಕ್ತಿ ಇಲ್ಲ.

ಸಹಿಯ ಜೊತೆಗೆ ಆರು ಕಂತಿಗೆ ಆರು ಚೆಕ್ಕು ಪಡೆದೆ, ಪ್ರತಿಯೊಂದಕ್ಕೂ ಆಯಾ ಕಂತಿನ ತಾರೀಖು. ನಮ್ಮ ಮೈಸೂರು ರಸ್ತೆಯ ವ್ಯಾಪಾರಿಗಳಲ್ಲಿ ಬಹಳ ಮಂದಿ ಪೂರ್ತಿ ಮೊತ್ತಕ್ಕೆ ಒಂದೇ ಚೆಕ್ಕನ್ನು ‘ಭದ್ರತೆಗೆ’ ಎಂದು ಇಟ್ಟುಕೊಳ್ಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ನಡುವೆ ಎರಡು ಕಂತು ಬಂದು, ಆಮೇಲೆ ಪೂರ್ತಿ ಮೊತ್ತದ ಆ ಚೆಕ್ಕನ್ನು ಹಾಗೇ ಬ್ಯಾಂಕಿಗೆ ಹಾಕಿದರೆ, ಚೆಕ್ಕಿನ ಮೊತ್ತ ನಿಜವಾದ ಬಾಕಿಗಿಂತ ಹೆಚ್ಚಾಗಿಬಿಡುತ್ತದೆ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸದೆ ಹೀಗೆ ಹಾಕಿದರೆ ಚೆಕ್ ಬೌನ್ಸಿನ 138ನೇ ಕಲಮಿನ ಕೇಸು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಸಣ್ಣ ಸಣ್ಣ ಚೆಕ್ಕಿಗೆ ಈ ತೊಡಕಿಲ್ಲ. ಯಾವುದಾದರೂ ತಿಂಗಳು ಹಣ ಯುಪಿಐನಲ್ಲಿ ಬಂದರೆ ಆ ತಿಂಗಳ ಚೆಕ್ಕನ್ನು ವಾಪಸು ಕೊಟ್ಟುಬಿಡಬೇಕು, ಅಷ್ಟೇ.

ತಾರೀಖಿನಿಂದ ಮೂರು ತಿಂಗಳಾದರೆ ಚೆಕ್ಕು ಹಳಸುತ್ತದೆ. ಬೌನ್ಸ್ ಆದರೆ, ಬ್ಯಾಂಕು ತಿಳಿಸಿದ ಮೂವತ್ತು ದಿನದೊಳಗೆ ನೋಟಿಸ್ ಕೊಡಬೇಕು; ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ ಹದಿನೈದು ದಿನ; ಅದೂ ಕಳೆದರೆ ಒಂದು ತಿಂಗಳೊಳಗೆ ದೂರು.

ನಾಲ್ಕನೇ ಚೆಕ್ಕಿನ ಹಿಂದಿನ ದಿನ ಅವರೇ ಫೋನ್ ಮಾಡಿದರು: “ಸಾರ್, ಈ ಸಲ ಅರ್ಧ ತಗೊಳ್ಳಿ.” ₹40,000 ಯುಪಿಐನಲ್ಲಿ ಬಂತು. ಹಳೆಯ ಚೆಕ್ಕನ್ನು ಹಿಂದಿರುಗಿಸಿ, ಉಳಿದ ₹40,000ಕ್ಕೆ ಹದಿಮೂರು ದಿನ ಮುಂದಿನ ತಾರೀಖಿನ ಹೊಸ ಚೆಕ್ಕು ತೆಗೆದುಕೊಂಡೆ. ಪತ್ರದ ಹದಿನೈದು ದಿನ ಇಟ್ಟದ್ದು ಇಂಥದ್ದಕ್ಕೇ. ಅದು ಪಾಸಾಯಿತು, ಕೊನೆಯ ಎರಡೂ ಪಾಸಾದವು. ಈಗ ಅವರಿಗೆ ಮತ್ತೆ ಉದ್ರಿ ಇದೆ, ಆದರೆ ಲಕ್ಷದ ಮಿತಿ ಹಾಕಿದ್ದೇನೆ.

ನಿಮ್ಮ ಖಾತೆ ಪುಸ್ತಕದಲ್ಲೂ ಎರಡೂವರೆ ವರ್ಷ ದಾಟಿದ ಬಿಲ್ ಇದ್ದರೆ, ಕಂತಿನ ಚೌಕಾಸಿ ಆಮೇಲೆ ಇರಲಿ, ಬಾಕಿ ಒಪ್ಪಿದ ಸಹಿಯನ್ನು ಈ ವಾರವೇ ತೆಗೆದುಕೊಳ್ಳಿ.